‘ಮಾರಿಲ್ಲ’ ಮತ್ತು ‘ಮಾರಿದ್ದು ನಾನಲ್ಲ’: ಒತ್ತಿಗಾಗಿ ಪದ ಸರಿಸಿದಾಗ ಅರ್ಥ ಎಲ್ಲಿ ಸರಿಯುತ್ತದೆ?

ಪ್ರಶ್ನೆ: ನಾನು ಜಮಖಂಡಿಯಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಕನ್ನಡ ಕರಡು ಬರೆಯುವ ಕೆಲಸ ಮಾಡುತ್ತೇನೆ. ಕಕ್ಷಿದಾರರೊಬ್ಬರು ‘ಹೊಲಾ ಮಾರಿಲ್ರೀ ನಾ’ ಎಂದು ಹೇಳಿದ್ದನ್ನು, ಒತ್ತು ಬರಲೆಂದು ‘ಸದರಿ ಜಮೀನನ್ನು ಮಾರಿದ್ದು ನಾನಲ್ಲ’ ಎಂದು, ದಾವೆಗೆ ಪ್ರತಿವಾದಿಯ ಉತ್ತರವಾಗಿ ಸಲ್ಲಿಸುವ ಕೈಫಿಯತ್ತಿನಲ್ಲಿ ಬರೆದೆ. ವಕೀಲರು ‘ಅರ್ಧ ಕೇಸು ಬಿಟ್ಟುಕೊಟ್ಟೆಯಲ್ಲಪ್ಪಾ’ ಎಂದು ಸಿಟ್ಟಾದರು. ವಿಭಕ್ತಿ ಪ್ರತ್ಯಯ ಸರಿಯಿದ್ದರೆ ಪದವನ್ನು ಎಲ್ಲಿಟ್ಟರೂ ಅರ್ಥ ಒಂದೇ ಎಂದು ಶಾಲೆಯಲ್ಲಿ ಕಲಿತಿದ್ದೆ. ಕರ್ಮವನ್ನೋ ಕ್ರಿಯೆಯನ್ನೋ ಮುಂದೆ ತಂದರೆ ಅರ್ಥ ನಿಜವಾಗಿಯೂ ಬದಲಾಗುತ್ತದೆಯೇ, ಸರ್? ಒತ್ತು ಬೇಕಾದಾಗ ಹೇಗೆ ಬರೆಯಬೇಕು?

ಉತ್ತರ: ನಿಮ್ಮ ವಕೀಲರ ಸಿಟ್ಟಿಗೆ ವ್ಯಾಕರಣದಲ್ಲಿಯೇ ಕಾರಣವಿದೆ. ಕಕ್ಷಿದಾರರ ಮಾತಿನಲ್ಲಿ ಮಾರಾಟವೇ ನಡೆದಿಲ್ಲ. ನಿಮ್ಮ ಬರಹದಲ್ಲಿ ಮಾರಾಟ ನಡೆದಿದೆ, ಮಾರಿದವರು ಮಾತ್ರ ಬೇರೆ ಯಾರೋ. ‘ಮಾರಿಲ್ಲ’ ಎಂಬುದು ‘ಮಾರಿದ್ದು ... ಅಲ್ಲ’ ಎಂದಾದಾಗ ನೀವು ಪದವನ್ನು ಸರಿಸಿದ್ದಷ್ಟೇ ಅಲ್ಲ, ವಾಕ್ಯದ ಜಾತಿಯನ್ನೇ ಬದಲಿಸಿದ್ದೀರಿ. ಆದ್ದರಿಂದ ಪದ ಸರಿಸುವುದನ್ನೂ ಕ್ರಿಯಾಪದದ ರೂಪ ಬದಲಿಸುವುದನ್ನೂ ಬೇರೆ ಬೇರೆಯಾಗಿಯೇ ನೋಡಬೇಕು; ಎರಡರ ಪರಿಣಾಮ ಒಂದೇ ಅಲ್ಲ.

ಶಾಲೆಯಲ್ಲಿ ಕಲಿತ ಮಾತು ಪೂರ್ತಿ ಸುಳ್ಳಲ್ಲ. ‘ತಮ್ಮ ಹೊಲವನ್ನು ಮಾರಿದ’, ‘ಹೊಲವನ್ನು ತಮ್ಮ ಮಾರಿದ’, ‘ಮಾರಿದ ತಮ್ಮ ಹೊಲವನ್ನು’ ಎಂಬ ಮೂರರಲ್ಲಿಯೂ ಮಾರಿದವನು ತಮ್ಮನೇ, ಮಾರಾಟವಾದದ್ದು ಹೊಲವೇ. ‘ಅನ್ನು’ ಪ್ರತ್ಯಯ ಅಷ್ಟರ ಮಟ್ಟಿಗೆ ಕಾವಲಿದೆ. ಯಾರು ಏನು ಮಾಡಿದರು ಎಂಬುದನ್ನು ವಿಭಕ್ತಿ ಕಾಯುತ್ತದೆ, ಆದರೆ ವಾಕ್ಯದಲ್ಲಿ ಯಾವುದು ಓದುಗನಿಗೆ ಮೊದಲೇ ಗೊತ್ತಿದ್ದ ಸಂಗತಿ, ಯಾವುದು ಹೊಸ ಸಂಗತಿ, ಯಾವುದರ ಮೇಲೆ ಜಗಳ ನಡೆದಿದೆ ಎಂಬುದನ್ನು ಕಾಯುವುದು ಪದಗಳ ಜಾಗವೇ. ನಮ್ಮ ಪಾಠಕ್ರಮ ಈ ಎರಡನೆಯದನ್ನು ಬಿಟ್ಟದ್ದಕ್ಕೆ ಒಂದು ಹಿನ್ನೆಲೆಯಿದೆ. ಹಳಗನ್ನಡ ಪದ್ಯವನ್ನು ಕಲಿಸುವಾಗ ಪದಗಳನ್ನು ಗದ್ಯದ ಕ್ರಮಕ್ಕೆ ತಂದು ಅನ್ವಯ ಮಾಡಿಕೊಂಡು ಅರ್ಥ ಹೇಳುತ್ತೇವೆ. ಹಾಗೆ ವರ್ಷಾನುಗಟ್ಟಲೆ ಮಾಡಿದಾಗ, ಅನ್ವಯಕ್ಕೆ ಮೊದಲಿನ ಕ್ರಮ ಬರೀ ಛಂದಸ್ಸಿನ ಅಗತ್ಯ, ಅದಕ್ಕೆ ಅರ್ಥವಿಲ್ಲ ಎಂಬ ಭಾವನೆ ಗಟ್ಟಿಯಾಗುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದ ಪ್ರಕರಣಗಳೂ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಪದದ ರೂಪವನ್ನು ಹಿಡಿದೇ ಸಾಗುತ್ತವೆ. ವಾಕ್ಯದಲ್ಲಿ ಪದಗಳು ಕೂರುವ ಜಾಗಕ್ಕೆಂದೇ ಅಲ್ಲಿ ಪ್ರತ್ಯೇಕ ಪ್ರಕರಣವಿಲ್ಲ. ಶಾಲೆಯ ವ್ಯಾಕರಣ ಬಹುಮಟ್ಟಿಗೆ ಅದೇ ದಾರಿಯಲ್ಲಿದೆ.

ಈಗ ನಿಮ್ಮ ವಾಕ್ಯಕ್ಕೆ ಬರೋಣ. ‘ಮಾರಿದ್ದು’ ಎಂಬುದು ಪೂರ್ಣ ಕ್ರಿಯಾಪದವಲ್ಲ. ‘ಮಾರಿದ’ ಎಂಬ ಕೃದಂತಕ್ಕೆ ‘ಅದು’ ಸೇರಿ ಹುಟ್ಟಿದ ನಾಮರೂಪ. ಕ್ರಿಯೆ ನಾಮವಾದ ಕೂಡಲೇ ಅದು ನಡೆಯಿತೋ ಇಲ್ಲವೋ ಎಂಬ ಪ್ರಶ್ನೆ ಮುಗಿದುಹೋಗುತ್ತದೆ. ಅದನ್ನು ಒಂದು ಇರುವ ಸಂಗತಿಯಾಗಿ ಮುಂದಿಟ್ಟು, ಅದಕ್ಕೆ ಸಂಬಂಧಪಟ್ಟವರು ಯಾರು, ವಸ್ತು ಯಾವುದು, ಕಾಲ ಯಾವುದು ಎಂದಷ್ಟೇ ವಾಕ್ಯದ ಉಳಿದ ಭಾಗ ಹೇಳುತ್ತದೆ. ನಿಷೇಧದ ಪದವೇ ಇದನ್ನು ಎತ್ತಿ ತೋರಿಸುತ್ತದೆ. ‘ನಾನು ಜಮೀನನ್ನು ಮಾರಿಲ್ಲ’ ಎಂಬಲ್ಲಿ ‘ಇಲ್ಲ’ ಬಂದಿದೆ, ಅದು ಘಟನೆಯನ್ನೇ ಅಲ್ಲಗಳೆಯುತ್ತದೆ. ‘ಮಾರಿದ್ದು ನಾನಲ್ಲ’ ಎಂಬಲ್ಲಿ ‘ಅಲ್ಲ’ ಬಂದಿದೆ, ಅದು ಅಲ್ಲಗಳೆಯುವುದು ‘ಆ ಮಾರಿದವನು ಇವನೇ’ ಎಂಬ ಗುರುತನ್ನು ಮಾತ್ರ. ಹುಟ್ಟು ಕನ್ನಡಿಗರು ಈ ಎರಡನ್ನು ಮಾತಿನಲ್ಲಿ ಎಂದೂ ಅದಲುಬದಲು ಮಾಡುವುದಿಲ್ಲ, ಆದರೆ ಕರಡು ತಿದ್ದುವಾಗ ಕಣ್ಣು ‘ಇಲ್ಲ’ವನ್ನೂ ‘ಅಲ್ಲ’ವನ್ನೂ ಒಂದೇ ‘ನಕಾರ’ವೆಂದು ಓದಿಕೊಂಡು ಮುಂದೆ ಹೋಗಿಬಿಡುತ್ತದೆ.

ಪರೀಕ್ಷಿಸಿ ನೋಡುವುದು ಸುಲಭ. ವಾಕ್ಯದ ಕೊನೆಗೆ ‘ಯಾರೂ ಮಾರಿಲ್ಲ’ ಎಂದು ಸೇರಿಸಿ. ‘ನಾನು ಈ ಜಮೀನನ್ನು ಮಾರಿಲ್ಲ, ಯಾರೂ ಮಾರಿಲ್ಲ’ ಎಂಬುದು ಸಲೀಸಾಗಿ ನಿಲ್ಲುತ್ತದೆ. ‘ಈ ಜಮೀನನ್ನು ಮಾರಿದ್ದು ನಾನಲ್ಲ, ಯಾರೂ ಮಾರಿಲ್ಲ’ ಎಂದಾಗ ಎರಡನೆಯ ಅರ್ಧ ಮೊದಲನೆಯದನ್ನು ತಳ್ಳಿಹಾಕಿದಂತೆ ಕೇಳಿಸುತ್ತದೆ. ಇನ್ನೊಂದು ದಾರಿ ಪ್ರಶ್ನೆಯಾಗಿ ತಿರುಗಿಸುವುದು. ‘ನೀವು ಹೊಲ ಮಾರಿದಿರಾ?’ ಎಂಬುದಕ್ಕೆ ‘ಇಲ್ರೀ’ ಎಂದರೆ ಹೊಲ ಉಳಿಯಿತು. ‘ಹೊಲ ಮಾರಿದ್ದು ನೀವಾ?’ ಎಂಬುದಕ್ಕೆ ‘ಹೌದು’ ಎಂದರೂ ‘ಅಲ್ಲ’ ಎಂದರೂ ಹೊಲ ಮಾರಾಟವಾದದ್ದು ಹಾಗೆಯೇ ಉಳಿಯುತ್ತದೆ. ಪಾಟೀ ಸವಾಲಿನಲ್ಲಿ ಎದುರು ವಕೀಲರು ಈ ಎರಡನೆಯ ಬಗೆಯ ಪ್ರಶ್ನೆಯನ್ನೇ ಇಷ್ಟಪಡುವುದು ಏಕೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಈ ‘-ದ್ದು’ ರೂಪದೊಳಗೆ ಏನೇನು ಸೇರಿಕೊಂಡಿದೆಯೋ ಅಷ್ಟನ್ನೂ ಬರೆದವನು ಒಪ್ಪಿಕೊಂಡಂತೆ, ಹೊರಗೆ ಉಳಿದ ಪದವಷ್ಟೇ ವಿವಾದದಲ್ಲಿರುತ್ತದೆ ಎಂದು ಇಟ್ಟುಕೊಳ್ಳಿ. ‘ಈ ಜಮೀನನ್ನು ಮಾರಿದ್ದು ನಾನಲ್ಲ’ ಎಂದರೆ ಈ ಜಮೀನು ಮಾರಾಟವಾಗಿದೆ ಎಂದು ಒಪ್ಪಿದಂತೆ. ‘ನಾನು ಮಾರಿದ್ದು ಈ ಜಮೀನನ್ನಲ್ಲ’ ಎಂದರೆ ನಾನು ಯಾವುದೋ ಒಂದನ್ನು ಮಾರಿದ್ದೇನೆ ಎಂದು ಒಪ್ಪಿದಂತೆ. ‘ನಾನು ಈ ಜಮೀನನ್ನು ಬರೆದುಕೊಟ್ಟಿದ್ದು ಮಾರಾಟಕ್ಕಲ್ಲ’ ಎಂದರೆ ನಾನು ಈ ಜಮೀನಿನ ಮೇಲೆ ಏನೋ ಒಂದು ಕಾಗದ ಬರೆದುಕೊಟ್ಟಿದ್ದೇನೆ ಎಂದು ಒಪ್ಪಿದಂತೆ. ಮೂರೂ ವಾಕ್ಯಗಳಲ್ಲಿರುವವರು ಅದೇ ಮನುಷ್ಯ, ಅದೇ ಜಮೀನು, ಆದರೆ ಬಿಟ್ಟುಕೊಟ್ಟದ್ದು ಒಂದೊಂದರಲ್ಲಿ ಒಂದೊಂದು.

ಕರ್ಮಪದವನ್ನು ಮುಂದೆ ತರುವುದು ಇಷ್ಟು ಅಪಾಯದ್ದಲ್ಲ. ‘ಸದರಿ ಜಮೀನನ್ನು ನಾನು ಮಾರಿಲ್ಲ’ ಎಂಬಲ್ಲಿ ಕ್ರಿಯಾಪದ ಪೂರ್ಣವಾಗಿಯೇ ಇದೆ, ‘ಇಲ್ಲ’ ತನ್ನ ಕೆಲಸ ಮಾಡುತ್ತಿದೆ, ಮಾರಾಟ ನಡೆಯಿತೆಂದು ಎಲ್ಲಿಯೂ ಒಪ್ಪಿದಂತಾಗಿಲ್ಲ. ಆದರೆ ಮುಂದೆ ತಂದ ಪದಕ್ಕೆ ಒತ್ತು ಬರುತ್ತದೆ ಎಂಬ ನಂಬಿಕೆಯಿದೆಯಲ್ಲ, ಅದು ಕನ್ನಡದಲ್ಲಿ ಬಹಳ ಸಲ ತಿರುಗುಮುರುಗು. ಪೂರ್ಣ ಕ್ರಿಯಾಪದ ಕೊನೆಗಿರುವ ನಮ್ಮ ಸಾಮಾನ್ಯ ವಾಕ್ಯದಲ್ಲಿ ಒತ್ತಿನ ಸಹಜ ಜಾಗ ವಾಕ್ಯದ ತಲೆಯಲ್ಲಿಲ್ಲ, ಕ್ರಿಯಾಪದಕ್ಕಿಂತ ಮೊದಲು, ಅದಕ್ಕೆ ಅಂಟಿಕೊಂಡೇ ಇದೆ. ಪ್ರಶ್ನೆಯ ಪದ ಎಲ್ಲಿ ಕೂರುತ್ತದೆ ನೋಡಿ: ‘ಈ ಹೊಲವನ್ನು ಯಾರು ಮಾರಿದರು?’, ‘ತಮ್ಮ ಏನು ಮಾರಿದ?’. ಉತ್ತರವೂ ಅದೇ ಜಾಗಕ್ಕೆ ಬಂದು ಕೂರುತ್ತದೆ: ‘ಈ ಹೊಲವನ್ನು ತಮ್ಮ ಮಾರಿದ’, ‘ತಮ್ಮ ಎತ್ತು ಮಾರಿದ’. ಆದ್ದರಿಂದ ‘ಜಮೀನನ್ನು’ ಎಂಬುದನ್ನು ವಾಕ್ಯದ ಮೊದಲಿಗೆ ತಂದಾಗ ಅದು ‘ಜಮೀನಿನ ವಿಷಯ ಹೇಳುವುದಾದರೆ’ ಎಂಬ ಪೀಠಿಕೆಯಾಗುತ್ತದೆ. ಅದು ಬಿಟ್ಟುಹೋದ ಜಾಗದಲ್ಲಿ, ಕ್ರಿಯಾಪದದ ಪಕ್ಕದಲ್ಲಿ, ‘ನಾನು’ ಉಳಿದುಕೊಂಡು ಒತ್ತನ್ನು ಪಡೆಯುತ್ತದೆ. ಮಾತಿನಲ್ಲಾದರೆ ದನಿಯ ಏರಿಳಿತದಿಂದ ಸಂಶಯ ಪರಿಹಾರವಾಗುತ್ತದೆ. ಕಾಗದದ ಮೇಲೆ ದನಿಯಿಲ್ಲ, ಆದ್ದರಿಂದ ‘ಸದರಿ ಜಮೀನನ್ನು ನಾನು ಮಾರಿಲ್ಲ’ ಎಂಬುದನ್ನು ಒಬ್ಬ ಓದುಗ ‘ಈ ಜಮೀನನ್ನಂತೂ ಮಾರಿಲ್ಲ, ಬೇರೆಯದರ ಮಾತು ಬೇರೆ’ ಎಂದೂ, ಇನ್ನೊಬ್ಬ ‘ನಾನಂತೂ ಮಾರಿಲ್ಲ, ಬೇರೆಯವರ ಮಾತು ಗೊತ್ತಿಲ್ಲ’ ಎಂದೂ ಓದಿಕೊಳ್ಳಲು ಎಡೆಯಿದೆ. ಇದು ಒಪ್ಪಿಗೆಯಲ್ಲ, ಬರೀ ಸೂಚನೆ. ಮುಂದಿನ ಒಂದು ವಾಕ್ಯದಿಂದ ಇದನ್ನು ಮುಚ್ಚಬಹುದು. ‘-ದ್ದು’ ರೂಪದಲ್ಲಿ ಬಿಟ್ಟುಕೊಟ್ಟದ್ದನ್ನು ಹಾಗೆ ಮುಚ್ಚಲು ಬರುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ಪ್ರತ್ಯಯವಿಲ್ಲದ ಕರ್ಮಪದ ಕ್ರಿಯಾಪದಕ್ಕೆ ಅಂಟಿಕೊಂಡಿರುತ್ತದೆ: ‘ನಾನು ಹೊಲ ಮಾರಿಲ್ಲ’ ಎಂದರೆ ಹೊಲ ಮಾರುವ ಕೆಲಸವನ್ನೇ ಮಾಡಿಲ್ಲ, ಯಾವ ಹೊಲವನ್ನೂ ಮಾರಿಲ್ಲ ಎಂದು ಅರ್ಥವಾಗಬಲ್ಲದು. ಅದನ್ನು ಬಿಡಿಸಿ ಮುಂದೆ ತಂದು ‘ಹೊಲವನ್ನು ನಾನು ಮಾರಿಲ್ಲ’ ಎಂದ ಕೂಡಲೇ ಅದು ಇಬ್ಬರಿಗೂ ಗೊತ್ತಿರುವ ಒಂದು ನಿರ್ದಿಷ್ಟ ಹೊಲವಾಗುತ್ತದೆ. ನಿರಾಕರಣೆಯ ವ್ಯಾಪ್ತಿ ಅಷ್ಟಕ್ಕೇ ಕಿರಿದಾಗುತ್ತದೆ.

ಕರ್ಮದಲ್ಲಿ ಸಂಖ್ಯೆಯಿದ್ದಾಗ ಈ ವ್ಯಾಪ್ತಿಯ ಪ್ರಶ್ನೆ ಗಂಭೀರವಾಗುತ್ತದೆ. ನಿಮ್ಮ ಕೆಲಸದಲ್ಲಿ ಹೆಚ್ಚು ಹಾನಿ ಆಗುವುದು ಬಹುಶಃ ಇಲ್ಲಿಯೇ. ಸೊಸೈಟಿ ಸಾಲದ ಹತ್ತು ಕಂತುಗಳಿವೆ ಎನ್ನಿ. ‘ಅರ್ಜಿದಾರರು ಎರಡು ಕಂತು ಕಟ್ಟಿಲ್ಲ’ ಎಂಬ ವಾಕ್ಯಕ್ಕೆ, ಎಂಟು ಕಟ್ಟಿ ಎರಡು ಬಾಕಿ ಉಳಿಸಿದ್ದಾರೆ ಎಂಬುದು ಮೊದಲು ಹೊಳೆಯುವ ಅರ್ಥ. ಆದರೆ ‘ಎರಡು ಕಂತು ಕಟ್ಟಿದ್ದಾರೆ’ ಎಂದು ಸೊಸೈಟಿಯವರು ಹೇಳಿದ್ದಕ್ಕೆ ಪ್ರತಿಯಾಗಿ ಅದೇ ವಾಕ್ಯ ಬಂದರೆ, ಎರಡರಷ್ಟು ಕಟ್ಟಿಲ್ಲ, ಒಂದನ್ನೇ ಕಟ್ಟಿರಬಹುದು ಎಂಬ ಅರ್ಥವೂ ಹೊರಡುತ್ತದೆ. ‘ಎರಡು ಕಂತುಗಳನ್ನು ಅರ್ಜಿದಾರರು ಕಟ್ಟಿಲ್ಲ’ ಎಂದು ಕರ್ಮವನ್ನು ಮುಂದೆ ತಂದಾಗ ಎರಡನೆಯ ಅರ್ಥ ಬಿದ್ದುಹೋಗಿ, ಇಂಥವೆಂದು ತೋರಿಸಬಹುದಾದ ಎರಡು ಕಂತುಗಳು ಬಾಕಿಯಿವೆ ಎಂಬುದೊಂದೇ ಉಳಿಯುತ್ತದೆ. ಇಲ್ಲಿ ಕರ್ಮವನ್ನು ಮುಂದೆ ತಂದದ್ದು ಒತ್ತಿಗಾಗಿ ಅಲ್ಲದಿದ್ದರೂ ಅರ್ಥವನ್ನು ಬಿಗಿಗೊಳಿಸಿತು. ಸಂಖ್ಯೆ ಮತ್ತು ‘ಇಲ್ಲ’ ಒಂದೇ ವಾಕ್ಯದಲ್ಲಿರುವಾಗ, ಮುಂದೆ ಬಂದ ಸಂಖ್ಯೆ ‘ಇಲ್ಲ’ದ ಹಿಡಿತದಿಂದ ಹೊರಗೆ ನಿಲ್ಲುತ್ತದೆ.

ಈಗ ಇದೇ ಹೆಣಿಗೆಯನ್ನು ಕೈಗಡದ ದಾವೆಗೆ ಹಚ್ಚಿ ನೋಡಿ. ಪ್ರತಿವಾದಿಯು ತನ್ನಿಂದ 2,00,000 ರೂಪಾಯಿ ಪಡೆದಿದ್ದಾನೆ ಎಂದು ವಾದಿ ಹೇಳುತ್ತಾನೆ. ಪ್ರತಿವಾದಿ ಒಂದು ರೂಪಾಯಿಯನ್ನೂ ಪಡೆದಿಲ್ಲ ಎನ್ನುತ್ತಾನೆ. ‘ಪ್ರತಿವಾದಿಯು ಎರಡು ಲಕ್ಷ ರೂಪಾಯಿ ಪಡೆದಿಲ್ಲ’ ಎಂದು ಬರೆದರೆ ಒಂದೂವರೆ ಲಕ್ಷ ಪಡೆದಿರಬಹುದೆಂಬ ಬಾಗಿಲು ತೆರೆದೇ ಇರುತ್ತದೆ. ‘ಸದರಿ ಎರಡು ಲಕ್ಷ ರೂಪಾಯಿಗಳನ್ನು ಪ್ರತಿವಾದಿಯು ಪಡೆದಿಲ್ಲ’ ಎಂದರೆ ಆ ನಿರ್ದಿಷ್ಟ ಮೊತ್ತವನ್ನು ನಿರಾಕರಿಸಿದಂತಾಗುತ್ತದೆ, ಆದರೆ ‘ಪ್ರತಿವಾದಿಯು’ ಕ್ರಿಯಾಪದದ ಪಕ್ಕದಲ್ಲಿ ಕೂತಿದ್ದರಿಂದ ಅವನ ಮನೆಯ ಬೇರೆ ಯಾರೋ ಪಡೆದರೆಂಬ ಸೂಚನೆ ಇಣುಕುತ್ತದೆ. ‘ಪ್ರತಿವಾದಿಯು ಪಡೆದಿದ್ದು ಎರಡು ಲಕ್ಷವಲ್ಲ’ ಎಂದು ಬರೆದರಂತೂ ಏನೋ ಒಂದಿಷ್ಟು ಪಡೆದದ್ದನ್ನು ಅವನೇ ಬಾಯಿಬಿಟ್ಟು ಹೇಳಿದಂತೆ. ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ 8ನೇ ಆದೇಶದ 4ನೇ ನಿಯಮ ಇದೇ ಉದಾಹರಣೆಯನ್ನು ಹಿಡಿದು ಮಾತಾಡುತ್ತದೆ: ಇಂತಿಷ್ಟು ಹಣ ಪಡೆದನೆಂಬ ಆರೋಪವಿದ್ದಾಗ ಆ ಮೊತ್ತವನ್ನು ಪಡೆದಿಲ್ಲ ಎಂದಷ್ಟೇ ಹೇಳಿದರೆ ಸಾಲದು, ಆ ಮೊತ್ತವನ್ನಾಗಲಿ ಅದರ ಯಾವುದೇ ಭಾಗವನ್ನಾಗಲಿ ಪಡೆದಿಲ್ಲ ಎನ್ನಬೇಕು, ಇಲ್ಲವೇ ಎಷ್ಟು ಪಡೆದೆನೆಂದು ಹೇಳಬೇಕು. 5ನೇ ನಿಯಮದ ಪ್ರಕಾರ, ಖಚಿತವಾಗಿ ನಿರಾಕರಿಸದ ಸಂಗತಿಯನ್ನು ಒಪ್ಪಿಕೊಂಡಂತೆ ಎಣಿಸಬಹುದು. ನಾನು ಕಾನೂನು ಓದಿದವನಲ್ಲ. ಒಂದು ವಾಕ್ಯದಿಂದಲೇ ನ್ಯಾಯಾಲಯ ತೀರ್ಮಾನಿಸುತ್ತದೆ ಎಂದೂ ನಾನು ಹೇಳುತ್ತಿಲ್ಲ, ಕೈಫಿಯತ್ತನ್ನು ಇಡಿಯಾಗಿಯೇ ಓದುತ್ತಾರೆ. ಆದರೆ ಸಂಖ್ಯೆ ಮತ್ತು ನಿಷೇಧ ಒಟ್ಟಿಗೆ ಬಂದಾಗ ಭಾಷೆಯಲ್ಲಿ ಉಂಟಾಗುವ ಈ ಸಂದಿಗ್ಧವನ್ನು ಆ ನಿಯಮ ಬರೆದವರು ಚೆನ್ನಾಗಿ ಬಲ್ಲವರಾಗಿದ್ದರು ಎಂಬುದು ವ್ಯಾಕರಣ ಓದಿದವನಿಗೂ ಕಾಣುತ್ತದೆ.

ಹಾಗಾದರೆ ಕಕ್ಷಿದಾರರು ಕ್ರಿಯಾಪದವನ್ನು ಮುಂದಿಟ್ಟು ‘ಹೊಲಾ ಮಾರಿಲ್ರೀ ನಾ’ ಎಂದದ್ದು ಏನು? ನಮ್ಮ ಕಡೆಯ ಮಾತಿನಲ್ಲಿ ಇದು ದಿನನಿತ್ಯದ ಕಟ್ಟು: ‘ಬಂದಿಲ್ರೀ ಅಂವ’, ‘ಕೊಟ್ಟೇನಿ ನಾ ರೊಕ್ಕಾ’. ಇಲ್ಲಿ ಕ್ರಿಯಾಪದ ಪೂರ್ಣವಾಗಿಯೇ ಇದೆ. ಅದರ ಆಚೆಗೆ ಬಂದ ‘ನಾ’, ‘ಅಂವ’, ‘ರೊಕ್ಕಾ’ ಎಂಬವು ಕೇಳುವವನಿಗೆ ಮೊದಲೇ ಗೊತ್ತಿದ್ದು ದನಿ ಇಳಿಸಿ ಹೇಳುವ ಬಾಲಗಳು. ಆ ಜಾಗದಲ್ಲಿ ಒತ್ತು ನಿಲ್ಲುವುದಿಲ್ಲ. ಪದ್ಯದ ಮಾತು ಬೇರೆ. ಸಹಜ ಮಾತಿನಲ್ಲಿ ‘ಹೊಲಾ ಮಾರಿದ್ರು ಯಾರು?’ ಎಂದು ಯಾರೂ ಕೇಳುವುದಿಲ್ಲ, ‘ಯಾರು ಮಾರಿದ್ರು?’ ಎಂದೋ ‘ಮಾರಿದಾಂವ ಯಾರು?’ ಎಂದೋ ಕೇಳುತ್ತಾರೆ. ಆದ್ದರಿಂದ ಆ ಹಿರಿಯರ ವಾಕ್ಯದ ಪೂರಾ ಭಾರ ‘ಮಾರಿಲ್ಲ’ದ ಮೇಲಿತ್ತು, ‘ನಾ’ ಮೇಲೆ ಇರಲಿಲ್ಲ. ನೀವು ಬರಹಕ್ಕೆ ತರುವಾಗ ‘ನಾ’ ಕೊನೆಗಿರುವುದನ್ನು ಕಂಡು ಅದಕ್ಕೇ ಒತ್ತೆಂದು ತಿಳಿದು ‘ನಾನಲ್ಲ’ ಮಾಡಿದಿರಿ. ಎಡವಟ್ಟಾದದ್ದು ಆ ಹಂತದಲ್ಲಿ. ‘-ದ್ದು’ ವಾಕ್ಯದಲ್ಲಿ ಕೊನೆಯ ಜಾಗ ಒತ್ತಿನದು, ಪೂರ್ಣ ಕ್ರಿಯಾಪದ ಮುಂದೆ ಬಂದ ವಾಕ್ಯದಲ್ಲಿ ಕೊನೆಯ ಜಾಗ ಬಾಲದ್ದು. ಎರಡೂ ಕಣ್ಣಿಗೆ ಒಂದೇ ತರಹ ಕಾಣುತ್ತವೆ.

ಆ ಕಟ್ಟನ್ನು ಹಾಗೆಯೇ ಶಿಷ್ಟ ಕನ್ನಡಕ್ಕೆ ತಂದು ‘ಮಾರಿಲ್ಲ ನಾನು ಸದರಿ ಜಮೀನನ್ನು’ ಎಂದು ಬರೆದರೆ ಅರ್ಥಕ್ಕೆ ಕೇಡಿಲ್ಲ, ಆದರೆ ಶ್ರೀಕೃಷ್ಣ ಪಾರಿಜಾತದ ಬಯಲಾಟದಲ್ಲಿ ಶೋಭಿಸುವ ಮಾತು ಕೈಫಿಯತ್ತಿನಲ್ಲಿ ಶೋಭಿಸುವುದಿಲ್ಲ. ಬರಹದಲ್ಲಿ ಕ್ರಿಯೆಗೆ ಒತ್ತು ಕೊಡಲು ಕನ್ನಡದ ಹತ್ತಿರ ಅದಕ್ಕಿಂತ ಚೊಕ್ಕವಾದ ಸಾಧನವಿದೆ, ಅದು ಅವಧಾರಣೆಯ ‘ಏ’. ‘ನಾನು ಸದರಿ ಜಮೀನನ್ನು ಮಾರಿಯೇ ಇಲ್ಲ’ ಎಂಬ ವಾಕ್ಯದಲ್ಲಿ ಯಾವ ಪದವೂ ಜಾಗ ಬಿಟ್ಟಿಲ್ಲ, ಒತ್ತು ಕ್ರಿಯೆಯ ಮೇಲೆಯೇ ಇದೆ, ಏನನ್ನೂ ಬಿಟ್ಟುಕೊಟ್ಟಿಲ್ಲ. ‘ಏ’ ಯಾವ ಪದಕ್ಕೆ ಹತ್ತಿತು ಎಂಬುದನ್ನು ಮಾತ್ರ ನೋಡಿಕೊಳ್ಳಿ. ‘ಈ ಜಮೀನನ್ನೇ ಮಾರಿಲ್ಲ’ ಎಂದರೆ ಉಳಿದ ಜಮೀನುಗಳ ಲೆಕ್ಕ ಕೇಳುತ್ತಾರೆ, ‘ನಾನೇ ಮಾರಿಲ್ಲ’ ಎಂದರೆ ಮಾರಿದವರ ಹೆಸರು ಕೇಳುತ್ತಾರೆ.

‘-ದ್ದು’ ರೂಪವನ್ನು ನೀವು ಬಿಟ್ಟೇಬಿಡಬೇಕೆಂದು ನಾನು ಹೇಳಲಾರೆ, ಏಕೆಂದರೆ ಕೆಲವು ಕಡೆ ಅದರಷ್ಟು ಖಚಿತವಾದ ಬೇರೆ ಸಾಧನವಿಲ್ಲ. ಅದು ಹೊರಗಿಟ್ಟ ಪದವನ್ನು ‘ಇದೇ, ಬೇರೆ ಅಲ್ಲ, ಇದಕ್ಕಿಂತ ಹೆಚ್ಚಿಲ್ಲ’ ಎಂದು ಬೇಲಿ ಹಾಕುತ್ತದೆ. ‘ಸಹಿ ಹಾಕಿದ್ದು ಹಿರಿಯ ಮಗ’ ಎಂದ ಮೇಲೆ ‘ಕಿರಿಯನೂ ಹಾಕಿದ’ ಎಂದು ಸೇರಿಸಿದರೆ ಮಾತು ತಪ್ಪಿದಂತಾಗುತ್ತದೆ. ‘ಹಿರಿಯ ಮಗ ಸಹಿ ಹಾಕಿದ’ ಎಂದಿದ್ದರೆ ಸೇರಿಸಲು ತೊಡಕಿರಲಿಲ್ಲ. ಆದ್ದರಿಂದ ಕಕ್ಷಿದಾರ ಎಪ್ಪತ್ತು ಸಾವಿರ ಪಡೆದದ್ದು ನಿಜವಿದ್ದು ಎರಡು ಲಕ್ಷವೆಂಬುದು ಸುಳ್ಳಿದ್ದರೆ, ‘ಪ್ರತಿವಾದಿಯು ಪಡೆದಿದ್ದು ಎಪ್ಪತ್ತು ಸಾವಿರ ರೂಪಾಯಿ ಮಾತ್ರ’ ಎಂಬುದೇ ಸರಿಯಾದ ವಾಕ್ಯ. ಹಾಗೆಯೇ ಒತ್ತೆಗೆಂದು ಬರೆದುಕೊಟ್ಟ ಕಾಗದವನ್ನು ಎದುರು ಪಕ್ಷದವರು ಖರೀದಿ ಎನ್ನುತ್ತಿದ್ದರೆ, ‘ಬರೆದುಕೊಟ್ಟಿದ್ದು ಒತ್ತೆಗೆ, ಮಾರಾಟಕ್ಕಲ್ಲ’ ಎಂಬ ಕಟ್ಟು ಒಪ್ಪಬೇಕಾದದ್ದನ್ನು ಒಪ್ಪಿ, ಜಗಳವನ್ನು ಅದು ಇರುವ ಜಾಗಕ್ಕೇ ತಂದು ನಿಲ್ಲಿಸುತ್ತದೆ. ಬರೆಯುವ ಮೊದಲು ಕಕ್ಷಿದಾರರನ್ನು ಒಂದು ಮಾತು ಕೇಳಿಕೊಳ್ಳಿ: ಆ ಕೆಲಸ ನಡೆದದ್ದು ಖರೆಯೋ, ಅಥವಾ ಅದೇ ಸುಳ್ಳೋ? ಖರೆ ಎಂದರೆ ‘-ದ್ದು’ ಬಳಸಬಹುದು, ಸುಳ್ಳೆಂದರೆ ಮುಟ್ಟಬೇಡಿ.

ನಿಮ್ಮ ಪ್ರಕರಣದಲ್ಲಿ ಒಂದು ಸಂಗತಿಯನ್ನು ನೀವು ಬರೆದಿಲ್ಲ: ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಖರೀದಿ ಪತ್ರ ಇದೆಯೋ ಇಲ್ಲವೋ ಎಂಬುದು. ಇಲ್ಲದಿದ್ದರೆ ‘ಪ್ರತಿವಾದಿಯು ಸದರಿ ಜಮೀನನ್ನಾಗಲಿ ಅದರ ಯಾವುದೇ ಭಾಗವನ್ನಾಗಲಿ ಯಾರಿಗೂ ಮಾರಿಯೇ ಇಲ್ಲ’ ಎಂಬಷ್ಟು ಸಾಕು. ಪತ್ರವಿದ್ದು, ಅದರ ಮೇಲಿನ ಹೆಬ್ಬೆಟ್ಟು ತಮ್ಮದಲ್ಲವೆಂದು ಆ ಹಿರಿಯರು ಹೇಳುವುದಾದರೆ ಎರಡು ಕಟ್ಟುಗಳೂ ಬೇಕು, ಆದರೆ ಬೇರೆ ಬೇರೆ ವಾಕ್ಯಗಳಲ್ಲಿ ಬೇಕು: ‘ಪ್ರತಿವಾದಿಯು ಸದರಿ ಜಮೀನನ್ನು ಯಾರಿಗೂ ಮಾರಿಯೇ ಇಲ್ಲ. ವಾದಿಯು ಹಾಜರುಪಡಿಸಿರುವ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದು ಪ್ರತಿವಾದಿಯಲ್ಲ.’ ಹೆಬ್ಬೆಟ್ಟಿನ ಗುರುತು ಕಾಗದದ ಮೇಲೆ ಕಣ್ಣಿಗೆ ಕಾಣುವಂತಿದೆ, ಅದನ್ನು ಒಪ್ಪಿದರೆ ನಷ್ಟವಿಲ್ಲ. ಆದ್ದರಿಂದ ‘-ದ್ದು’ ರೂಪ ಎರಡನೆಯ ವಾಕ್ಯಕ್ಕೆ ಸಲ್ಲುತ್ತದೆ. ಮಾರಾಟದ ವಾಕ್ಯಕ್ಕೆ ಅದು ಬರದಂತೆ ನೋಡಿಕೊಳ್ಳಿ, ಈ ಎರಡನ್ನು ಕೂಡಿಸಿ ಒಂದೇ ವಾಕ್ಯ ಮಾಡಲು ಮಾತ್ರ ಹೋಗಬೇಡಿ.